ಒಂದು ಗಿಲಕಿ ತಯಾರಾಗಲು ತಗಲಿದ್ದೆಷ್ಟು?

ಚನ್ನಪಟ್ಟಣದ ಒಂದು ಸಣ್ಣ ಗೊಂಬೆ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಅಲ್ಲಿ ಮಾಡುವುದು ಒಂದೇ ಪದಾರ್ಥ, ಮಕ್ಕಳಾಡುವ ಮರದ ಗಿಲಕಿ. ಹಿಂದೆ ಕಾರ್ಖಾನೆ, ಮುಂದೆ ರಸ್ತೆಗೆ ಮುಖ ಮಾಡಿದ ಮಳಿಗೆ. ಮಳಿಗೆಯಲ್ಲಿ ಗಿಲಕಿಯ ಬೆಲೆ 40 ರೂಪಾಯಿ. ಬೆಂಗಳೂರಿನ ವ್ಯಾಪಾರಿಯೊಬ್ಬರು ಬಂದು, ಒಟ್ಟಿಗೆ ಸಾವಿರಾರು ಗಿಲಕಿ ತೆಗೆದುಕೊಳ್ಳುತ್ತೇನೆ, 32 ರೂಪಾಯಿಗೆ ಕೊಡುತ್ತೀರಾ ಎಂದು ಕೇಳುತ್ತಾರೆ. ಮಾಲೀಕರು ಏನು ಹೇಳಬೇಕು?

ಕಿರಾಣಿ ಅಂಗಡಿಯವರಾಗಿದ್ದರೆ ಈ ಪ್ರಶ್ನೆ ಕಷ್ಟದ್ದಲ್ಲ. ಕೊಂಡ ಬಿಲ್ಲು ಕೈಯಲ್ಲಿರುತ್ತದೆ, ಅಸಲು ಎಷ್ಟೆಂದು ಗೊತ್ತಿರುತ್ತದೆ. ವ್ಯಾಪಾರ ಖಾತೆ ಹುಟ್ಟಿದ್ದೇ ಅಂಥವರಿಗಾಗಿ: ವರ್ಷದ ಆರಂಭದಲ್ಲಿದ್ದ ಸರಕು, ಅದಕ್ಕೆ ಕೊಂಡದ್ದನ್ನು ಸೇರಿಸಿ, ಕೊನೆಗೆ ಉಳಿದದ್ದನ್ನು ಕಳೆದರೆ ಮಾರಿದ ಸರಕಿನ ಅಸಲು ಸಿಗುತ್ತದೆ. ಗಿಲಕಿಯವರು ಗಿಲಕಿಯನ್ನು ಎಲ್ಲಿಂದಲೂ ಕೊಂಡಿಲ್ಲ. ಅವರು ಕೊಂಡಿದ್ದು ಮರ, ಅರಗು, ಬಣ್ಣ. ಕೊಟ್ಟಿದ್ದು ಕೂಲಿ, ಕರೆಂಟ್ ಬಿಲ್ಲು, ಬಾಡಿಗೆ. ಇವನ್ನೆಲ್ಲ ಒಂದೆಡೆ ಕೂಡಿಸಿ, ಈ ವರ್ಷ ತಯಾರಾದ ಸರಕಿಗೆ ಇಷ್ಟು ತಗಲಿತು ಎಂಬ ಒಂದೇ ಮೊತ್ತವನ್ನು ವ್ಯಾಪಾರ ಖಾತೆಗೆ ಒಪ್ಪಿಸುವುದು ತಯಾರಿಕಾ ಖಾತೆಯ ಕೆಲಸ. ವ್ಯಾಪಾರ ಖಾತೆಯಲ್ಲಿ ಖರೀದಿ ಇರಬೇಕಾದ ಜಾಗಕ್ಕೆ ಈ ಮೊತ್ತ ಬಂದು ಕೂರುತ್ತದೆ. ಹಾಗಾಗಿ ಮೊದಲು ಅದು, ಆಮೇಲೆ ಇದು.

ಮಾರ್ಚ್ 31ರ ಸಂಜೆ ಆ ಕಾರ್ಖಾನೆಯಲ್ಲಿ ಮೂರು ಬಗೆಯ ದಾಸ್ತಾನು ಕಾಣುತ್ತದೆ. ಹಿತ್ತಲಲ್ಲಿ ಹಾಲೆ ಮರದ ತುಂಡುಗಳನ್ನು ಒಣಗಲು ಒಟ್ಟಿದ್ದಾರೆ. ಹಸಿ ಮರ ಕಡೆದರೆ ಬಿರುಕು ಬಿಡುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಕಾಯಬೇಕು. ಒಳಗೆ ಬುಟ್ಟಿಗಳಲ್ಲಿ, ಲೇತ್‌ನಲ್ಲಿ ಕಡೆದು ಆಕಾರ ಬಂದ, ಇನ್ನೂ ಬಣ್ಣ ಕಾಣದ ಬಿಳಿ ಗಿಲಕಿಗಳಿವೆ. ಇವನ್ನು ಮತ್ತೆ ಲೇತ್‌ಗೆ ಹಾಕಿ ತಿರುಗಿಸುತ್ತ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯಬೇಕು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಒಣಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಹಾಗೆ ಹೊಳಪು ಬಂದು ಕಪಾಟು ಸೇರಿದವು ಮೂರನೆಯ ಬಗೆ. ಮೊದಲಿನ ಎರಡು, ಅಂದರೆ ಕಚ್ಚಾ ಸಾಮಗ್ರಿ ಮತ್ತು ಅರೆ ಸಿದ್ಧ ಸರಕು, ತಯಾರಿಕಾ ಖಾತೆಗೆ ಸೇರಿದ್ದು. ಸಿದ್ಧ ಸರಕು ವ್ಯಾಪಾರ ಖಾತೆಗೆ ಸೇರಿದ್ದು. ಈ ಗೆರೆ ಅಳಿಸಿಹೋದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಲೆಕ್ಕ ಸುಲಭವಾಗಲೆಂದು ದುಂಡಗಿನ ಅಂಕಿಗಳನ್ನೇ ಇಟ್ಟುಕೊಳ್ಳೋಣ. ವರ್ಷದ ಆರಂಭದಲ್ಲಿ ಹಿತ್ತಲಲ್ಲಿದ್ದ ಮರ, ಅರಗಿನ ಬೆಲೆ 90,000 ರೂಪಾಯಿ. ವರ್ಷದಲ್ಲಿ ಕೊಂಡದ್ದು 6,40,000. ಅದನ್ನು ಲಾರಿಯಲ್ಲಿ ತರಿಸಿದ್ದಕ್ಕೆ 30,000. ಮರ ಕಾರ್ಖಾನೆಗೆ ಬರುವತನಕದ ಸಾಗಣೆ ಮರದ ಬೆಲೆಯೊಂದಿಗೇ ಸೇರುತ್ತದೆ. ವರ್ಷಾಂತ್ಯದಲ್ಲಿ ಉಳಿದದ್ದು 1,60,000. ಹಾಗಾದರೆ ಬಳಕೆಯಾದ ಸಾಮಗ್ರಿ 6,00,000. ಗಮನಿಸಿ, ಕೊಂಡದ್ದಲ್ಲ, ಬಳಸಿದ್ದು. ಮರ ಅಗ್ಗವಾಗಿ ಸಿಕ್ಕಾಗ ಹೆಚ್ಚು ಕೊಂಡಿಟ್ಟ ವರ್ಷ ಗಿಲಕಿ ದುಬಾರಿಯಾಯಿತು ಎಂದು ತೋರಬಾರದಲ್ಲ.

ಕಡೆಯುವವರಿಗೆ, ಬಣ್ಣ ಹಾಕುವವರಿಗೆ ಪೀಸ್ ಲೆಕ್ಕದಲ್ಲಿ ಕೊಟ್ಟ ಕೂಲಿ 4,50,000. ಗಿಲಕಿಯ ವಿನ್ಯಾಸ ಮಾಡಿಕೊಟ್ಟವರಿಗೆ ಪ್ರತಿ ಗಿಲಕಿಗೆ ಇಷ್ಟೆಂದು ಕೊಟ್ಟ ರಾಯಲ್ಟಿ 30,000. ಸಾಮಗ್ರಿ, ಕೂಲಿ, ಇಂಥ ನೇರ ಖರ್ಚು ಈ ಮೂರೂ ಸೇರಿ 10,80,000. ಇದೇ ಪ್ರಧಾನ ವೆಚ್ಚ. ಇದು ಇಂಥ ಗಿಲಕಿಗೇ ಹೋಯಿತು ಎಂದು ಬೆರಳಿಟ್ಟು ತೋರಿಸಬಹುದಾದ ಖರ್ಚೆಲ್ಲ ಇದರಲ್ಲಿ ಬಂತು.

ಬೆರಳಿಟ್ಟು ತೋರಿಸಲಾಗದ್ದು ಕಾರ್ಖಾನೆಯ ಮೇಲ್ವೆಚ್ಚ, ಎಲ್ಲರೂ ಓವರ್‌ಹೆಡ್ ಎನ್ನುವುದು. ಮೇಸ್ತ್ರಿಯ ಸಂಬಳ 1,20,000. ಅವರು ಯಾವ ಗಿಲಕಿಯನ್ನೂ ಕಡೆಯುವುದಿಲ್ಲ, ಆದರೆ ಅವರಿಲ್ಲದೆ ಯಾವುದೂ ಸಮಯಕ್ಕೆ ಆಗುವುದಿಲ್ಲ. ಲೇತ್‌ಗಳ ಕರೆಂಟ್ 72,000, ಉಳಿ ಹರಿತ ಮಾಡಿಸುವುದು, ಎಣ್ಣೆ, ಬೆಲ್ಟು ಇತ್ಯಾದಿ 18,000, ಲೇತ್‌ಗಳ ಸವಕಳಿ 40,000. ಸವಕಳಿಯ ಹಣ ಈ ವರ್ಷ ಜೇಬಿನಿಂದ ಹೋಗಿಲ್ಲವೆಂದು ಬಿಡುವವರಿದ್ದಾರೆ. ಯಂತ್ರ ಸವೆದದ್ದು ಗಿಲಕಿ ಮಾಡುತ್ತಲೇ, ಹಾಗಾಗಿ ಅದು ಗಿಲಕಿಯ ಖರ್ಚೇ.

ಬಾಡಿಗೆಗೆ ತುಸು ಹೆಚ್ಚು ಯೋಚನೆ ಬೇಕು. ಇಡೀ ಕಟ್ಟಡಕ್ಕೆ ವರ್ಷಕ್ಕೆ 80,000. ನಾಲ್ಕರಲ್ಲಿ ಮೂರು ಪಾಲು ಜಾಗ ಕಾರ್ಖಾನೆಗೆ, ಒಂದು ಪಾಲು ಮಳಿಗೆಗೆ. ಆದ್ದರಿಂದ 60,000 ಮಾತ್ರ ಇಲ್ಲಿಗೆ ಬರುತ್ತದೆ. ಉಳಿದ 20,000 ಲಾಭ ನಷ್ಟ ಖಾತೆಗೆ. ಮಳಿಗೆಯ ಹುಡುಗನ ಸಂಬಳ, ಪಾರ್ಸೆಲ್ ಕಳಿಸುವ ಖರ್ಚು, ಜಾಹೀರಾತು, ಬ್ಯಾಂಕಿನ ಬಡ್ಡಿ ಕೂಡ ಅತ್ತಲೇ. ಕರೆಂಟ್ ಮೀಟರ್ ಎರಡಕ್ಕೂ ಒಂದೇ ಇದ್ದರೆ ಕಷ್ಟ, ಆಗ ಯಂತ್ರಗಳ ಸಾಮರ್ಥ್ಯ, ಓಡಿದ ಗಂಟೆ ನೋಡಿ ಹಂಚಬೇಕು. ಹಂಚಿಕೆ ಅಂದಾಜೇ ಆಗಿರುತ್ತದೆ. ಆದರೆ ಒಮ್ಮೆ ಒಪ್ಪಿದ ಪ್ರಮಾಣವನ್ನು ವರ್ಷವರ್ಷವೂ ಅನುಸರಿಸಬೇಕು. ಇಲ್ಲದಿದ್ದರೆ ಹೋದ ವರ್ಷಕ್ಕಿಂತ ಗಿಲಕಿ ದುಬಾರಿಯಾಗಿದ್ದು ಮರದಿಂದಲೋ ಲೆಕ್ಕ ಬರೆದವರಿಂದಲೋ ತಿಳಿಯದು.

ಮೇಲ್ವೆಚ್ಚ ಒಟ್ಟು 3,10,000. ಪ್ರಧಾನ ವೆಚ್ಚಕ್ಕೆ ಸೇರಿಸಿದರೆ 13,90,000. ಮರದ ಚೂರು, ಹೊಟ್ಟು ಮಾರಿ ಬಂದ 10,000 ಕಳೆದರೆ 13,80,000.

ಇಲ್ಲಿಗೆ ಮುಗಿಯಿತು ಎಂದು ಬಹಳ ಮಂದಿ ಪೆನ್ನು ಕೆಳಗಿಡುತ್ತಾರೆ. ಬುಟ್ಟಿಗಳಲ್ಲಿರುವ ಬಿಳಿ ಗಿಲಕಿಗಳನ್ನು ಇನ್ನೂ ಎಣಿಸಿಲ್ಲ. ವರ್ಷದ ಆರಂಭದಲ್ಲಿ ಅಂಥವು 2,500 ಇದ್ದವು, ಈಗ 5,500 ಇವೆ. ಒಂದೊಂದರ ಮೇಲೂ ಈಗಾಗಲೇ ಮರಕ್ಕೆ 11, ಕಡೆದ ಕೂಲಿಗೆ 6, ಮೇಲ್ವೆಚ್ಚಕ್ಕೆ ಸುಮಾರು 3 ರೂಪಾಯಿ ಹೋಗಿದೆ ಎನ್ನೋಣ, ಒಟ್ಟು 20. ಅರಗು ಇನ್ನೂ ಹತ್ತಿಲ್ಲ, ಬಣ್ಣ ಹಾಕುವ ಕೂಲಿಯೂ ಆಗಿಲ್ಲ, ಆದ್ದರಿಂದ ಪೂರ್ತಿ ಬೆಲೆ ಹಿಡಿಯುವಂತಿಲ್ಲ. ಆರಂಭದ 50,000 ಕೂಡಿಸಿ ಕೊನೆಯ 1,10,000 ಕಳೆದರೆ ಉಳಿಯುವುದು 13,20,000. ತಯಾರಾದ ಸರಕಿನ ವೆಚ್ಚ ಇದು. ವರ್ಷದಲ್ಲಿ ಪೂರ್ತಿಯಾಗಿ ಸಿದ್ಧವಾದ ಗಿಲಕಿ 44,000. ಅಂದರೆ ಒಂದಕ್ಕೆ 30 ರೂಪಾಯಿ.

ವರ್ಷಾಂತ್ಯದ ಬುಟ್ಟಿಗಳನ್ನು ಎಣಿಸುವುದನ್ನು ಮರೆತಿದ್ದರೆ ವೆಚ್ಚ 14,30,000 ಆಗಿ, ಗಿಲಕಿಗೆ 32 ರೂಪಾಯಿ 50 ಪೈಸೆ ಬೀಳುತ್ತಿತ್ತು. ಆ ಅಂಕಿ ನೋಡಿ ಮಾಲೀಕರು ಬೆಂಗಳೂರಿನ ವ್ಯಾಪಾರಿಯನ್ನು ಬರಿಗೈಲಿ ಕಳಿಸುತ್ತಿದ್ದರು. ಈ ತಪ್ಪು ತಾನಾಗಿ ಹೊರಬೀಳುವುದು ಮರುವರ್ಷ. ಲೆಕ್ಕದ ಪುಸ್ತಕದಲ್ಲಿ ಆರಂಭದ ಅರೆ ಸಿದ್ಧ ಸರಕು ಸೊನ್ನೆ ಇರುತ್ತದೆ, ಆದರೆ 5,500 ಗಿಲಕಿಗಳು ಏಪ್ರಿಲ್‌ನಲ್ಲಿ ಬರೀ ಬಣ್ಣದ ಖರ್ಚಿನಲ್ಲಿ ಸಿದ್ಧವಾಗಿಬಿಡುತ್ತವೆ. ಒಂದು ವರ್ಷ ವೆಚ್ಚ ಕಾರಣವಿಲ್ಲದೆ ಏರಿ, ಮುಂದಿನ ವರ್ಷ ಕಾರಣವಿಲ್ಲದೆ ಇಳಿದರೆ ಮೊದಲು ನೋಡಬೇಕಾದ್ದು ಆ ಸಾಲನ್ನೇ.

ಇನ್ನು ವ್ಯಾಪಾರ ಖಾತೆ ಬೇಗ ಮುಗಿಯುತ್ತದೆ. ಕಪಾಟಿನಲ್ಲಿ ಮೊದಲೇ ಇದ್ದ 3,000 ಗಿಲಕಿಯ ಬೆಲೆ, ಹೋದ ವರ್ಷದ 28 ರೂಪಾಯಿ ದರದಲ್ಲಿ, 84,000. ಕಾರ್ಖಾನೆಯಿಂದ ಬಂದದ್ದು 13,20,000. ಉಳಿದ 5,000 ಗಿಲಕಿ 30ರ ದರದಲ್ಲಿ 1,50,000. ಮಾರಿದ 42,000 ಗಿಲಕಿಯ ಅಸಲು 12,54,000, ಬಂದ ಹಣ 16,80,000, ಒಟ್ಟು ಲಾಭ 4,26,000.

ಈ ಲಾಭ ಗಳಿಸಿದ್ದು ಕಾರ್ಖಾನೆಯೋ ಮಳಿಗೆಯೋ? ನನಗೆ ಈ ಖಾತೆಯಲ್ಲಿ ತುಂಬ ಹಿಡಿಸುವುದು ಈ ಪ್ರಶ್ನೆಗೆ ಅದು ಕೊಡುವ ಉತ್ತರ. ಇದೇ ಗುಣಮಟ್ಟದ ಗಿಲಕಿ ಹೊರಗೆ ಸಗಟಿನಲ್ಲಿ 34 ರೂಪಾಯಿಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಕಾರ್ಖಾನೆ ಅದೇ ಬೆಲೆಗೆ ಮಳಿಗೆಗೆ ಮಾರಿತು ಎಂದು ಬರೆದರೆ 44,000 ಗಿಲಕಿಗೆ 14,96,000. ಕಾರ್ಖಾನೆಯ ಲಾಭ 1,76,000. ಮಳಿಗೆ ತನ್ನ ಸರಕನ್ನು 34ರಂತೆ ಹಿಡಿದರೆ ಅದರ ಲಾಭ 2,70,000. ಎರಡೂ ಸೇರಿ 4,46,000 ಆಗುತ್ತದೆ, 20,000 ಜಾಸ್ತಿ. ಮಾರಾಟವಾಗದೆ ಕಪಾಟಿನಲ್ಲೇ ಕುಳಿತ 5,000 ಗಿಲಕಿಗಳ ಮೇಲೆ ನಾಲ್ಕು ರೂಪಾಯಿಯಂತೆ ನಾವೇ ನಮಗೆ ಬರೆದುಕೊಂಡ ಲಾಭ ಅದು. ಅದನ್ನು ಲಾಭ ನಷ್ಟ ಖಾತೆಯಲ್ಲಿ ಕಳೆದರೆ ಮತ್ತೆ 4,26,000. ಸಗಟು ಬೆಲೆ 29ಕ್ಕೆ ಇಳಿದರೆ ಕಾರ್ಖಾನೆ ನಷ್ಟದಲ್ಲಿದೆ, ಮಳಿಗೆ ಅದನ್ನು ಮುಚ್ಚಿಡುತ್ತಿದೆ ಎಂದು ಇದೇ ಲೆಕ್ಕ ತೋರಿಸುತ್ತದೆ. ಎಲ್ಲವನ್ನೂ ಒಂದೇ ವ್ಯಾಪಾರ ಖಾತೆಗೆ ಸುರಿದವರಿಗೆ ಇದು ಕಾಣುವುದೇ ಇಲ್ಲ.

ಇದು ಪಠ್ಯಪುಸ್ತಕದಲ್ಲಷ್ಟೇ ಉಳಿದ ವಿಷಯವಲ್ಲ. ಸ್ವಂತ ಉದ್ಯಮದ ಆದಾಯವಿದ್ದವರು ತುಂಬುವ ಐಟಿಆರ್-3 ನಮೂನೆಯಲ್ಲಿ 2019-20ರ ತೆರಿಗೆ ನಿರ್ಧಾರಣಾ ವರ್ಷದಿಂದ ತಯಾರಿಕಾ ಖಾತೆಗೆ ಪ್ರತ್ಯೇಕ ಭಾಗವಿದೆ, ವ್ಯಾಪಾರ ಖಾತೆ ಅದರ ನಂತರ ಬರುತ್ತದೆ. ಕಂಪನಿಗಳು ಪ್ರಕಟಿಸುವ ಲೆಕ್ಕದಲ್ಲಿ ಈ ಖಾತೆ ಕಾಣುವುದಿಲ್ಲ. ಬಳಕೆಯಾದ ಸಾಮಗ್ರಿಯ ವೆಚ್ಚ, ದಾಸ್ತಾನಿನಲ್ಲಾದ ಬದಲಾವಣೆ ಎಂಬ ಸಾಲುಗಳಲ್ಲಿ ಅದು ಅಡಗಿರುತ್ತದೆ.

30 ರೂಪಾಯಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೂ ತಿಳಿದಿರಬೇಕು. ಬೆಂಗಳೂರಿನ ಆರ್ಡರ್ ಒಪ್ಪಿದರೆ ಬಾಡಿಗೆ, ಮೇಸ್ತ್ರಿಯ ಸಂಬಳ ಹೆಚ್ಚುವುದಿಲ್ಲ, ಆದ್ದರಿಂದ ಆ ಹೆಚ್ಚುವರಿ ಗಿಲಕಿಗಳಿಗೆ ತಗಲುವುದು 30ಕ್ಕಿಂತ ಕಡಿಮೆಯೇ. ಇನ್ನೊಂದು ಕಡೆ, ಮಳೆಗಾಲದಲ್ಲಿ ಮರ ಒಣಗದೆ ಲೇತ್‌ಗಳು ಎರಡು ತಿಂಗಳು ನಿಂತರೆ ಅದೇ ಬಾಡಿಗೆ ಕಡಿಮೆ ಗಿಲಕಿಗಳ ಮೇಲೆ ಬಿದ್ದು ವೆಚ್ಚ ಏರುತ್ತದೆ. ಲೆಕ್ಕಶಾಸ್ತ್ರದ ನಿಯಮದಂತೆ ಸ್ಥಿರ ಮೇಲ್ವೆಚ್ಚವನ್ನು ದಾಸ್ತಾನಿಗೆ ಹಂಚಬೇಕಾದ್ದು ಕಾರ್ಖಾನೆಯ ಸಾಮಾನ್ಯ ಸಾಮರ್ಥ್ಯದ ಮೇಲೆ. ಯಂತ್ರ ನಿಂತ ದಿನಗಳ ಖರ್ಚನ್ನು ಉಳಿದ ಗಿಲಕಿಗಳ ಬೆಲೆಗೆ ತುಂಬುವಂತಿಲ್ಲ.

ಸಣ್ಣ ಕಾರ್ಖಾನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ. ಅನೇಕ ಕಡೆ ಮಾಲೀಕರೂ ಮನೆಯವರೂ ತಾವೇ ಲೇತ್ ಮುಂದೆ ಕೂರುತ್ತಾರೆ. ಮಾಲೀಕರು ತಮಗೆ ತಾವೇ ಕೂಲಿ ಬರೆದುಕೊಳ್ಳುವಂತಿಲ್ಲ, ತೆಗೆದುಕೊಂಡ ಹಣ ಲಾಭದ ಪಾಲೆಂದೇ ಆಗುತ್ತದೆ. 44,000ದಲ್ಲಿ ಕಾಲು ಭಾಗವನ್ನು ಅವರೇ ಕಡೆದು ಬಣ್ಣ ಹಾಕಿದ್ದರೆ, ಪೀಸ್ ದರದಲ್ಲಿ ಲಕ್ಷಕ್ಕೂ ಮಿಕ್ಕಿದ ಅವರ ದುಡಿಮೆ ಖಾತೆಯ ಹೊರಗೆ ಉಳಿಯುತ್ತದೆ. ಗಿಲಕಿ ಅಗ್ಗವಾಗಿ ಕಾಣುತ್ತದೆ, ಬೆಲೆಯನ್ನೂ ಅಷ್ಟಕ್ಕೇ ಕಟ್ಟುತ್ತಾರೆ. ತೆರಿಗೆಯ ಲೆಕ್ಕ ಇದ್ದಂತೆಯೇ ಇರಲಿ. ಬೆಲೆ ನಿರ್ಧರಿಸಲು ಮಾಡುವ ಇನ್ನೊಂದು ಹಾಳೆಯಲ್ಲಿ ಆ ಕೂಲಿಯನ್ನು, ಹೊರಗಿನವರಿಗೆ ಕೊಡುವ ದರದಲ್ಲೇ, ಪ್ರಧಾನ ವೆಚ್ಚದ ಕೆಳಗೆ ಬರೆದು ಕೂಡಬೇಕು.