ಬೋರ್ ಲಾರಿ ಕರೆಯುವ ಮುನ್ನ ಹದಿನೈದು ದಿನ

ಚಿಂತಾಮಣಿ ಕಡೆಯ ನಮ್ಮ ಅಕ್ಕನಿಗೆ ಎರಡು ಎಕರೆ ಜಮೀನು, ಐದು ಸೀಮೆ ಹಸು. 2009ರಲ್ಲಿ ಕೊಟ್ಟಿಗೆ ಪಕ್ಕದಲ್ಲೇ 640 ಅಡಿ ಕೊರೆಸಿದ ಬೋರು ಮೂರು ಬೇಸಿಗೆ ಓಡಿ ನಿಂತುಹೋಗಿತ್ತು. ಅಂದಿನಿಂದ ಹಸುಗಳಿಗೆ ಪಂಚಾಯಿತಿ ನಲ್ಲಿಯ ನೀರು, ಮೇವಿಗೆ ಮಳೆಯೇ ಗತಿ. ಹೋದ ವರ್ಷ ಹಾಲಿನ ಬಟವಾಡೆಯಲ್ಲಿ ಕೂಡಿಟ್ಟ ದುಡ್ಡಿಗೆ ಸಂಘದ ಸಾಲವನ್ನೂ ಸೇರಿಸಿ ಇನ್ನೊಂದು ಬೋರ್ ಹಾಕಿಸಲು ಹೊರಟಳು. ತೆಂಗಿನಕಾಯಿ ಹಿಡಿದು ನೀರು ನೋಡುವವರು ಬಂದು ಹಳೇ ಬೋರಿನಿಂದ ಮೂವತ್ತು ಅಡಿ ಆಚೆ ಜಾಗ ತೋರಿಸಿದರು. ಲಾರಿಯ ಏಜೆಂಟ್ ಫೋನಿನಲ್ಲೇ, "1,200 ಅಡಿ ಹೊಡೆದುಬಿಡೋಣ ಕಣಕ್ಕಾ, ಬಂದೇ ಬರ್ತದೆ" ಎಂದ. ಆಳಕ್ಕೆ ಹೋದಂತೆ ಅಡಿಯ ದರವೂ ಏರುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ನಾನು ತಡೆದೆ. ಬೋರ್ ಕೊರೆಸುವವರು 15 ದಿನ ಮುಂಚೆ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅಂತರ್ಜಲ ಕುಸಿದಿದೆ ಎಂದು ಸರ್ಕಾರ ಅಧಿಸೂಚಿಸಿರುವ ತಾಲ್ಲೂಕುಗಳಲ್ಲಿ 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅನುಮತಿಯೂ ಬೇಕು. ಹೇಗೂ ಕಾಯಬೇಕಾದ ದಿನಗಳು ಅವು. "ಅಷ್ಟರೊಳಗೆ ಊರಿನ ನಕ್ಷೆ ಮತ್ತು ಅಕ್ಕಪಕ್ಕದ ಬೋರುಗಳ ಲೆಕ್ಕ ನೋಡೋಣ" ಎಂದೆ. "ಕಾಗದ ನೋಡ್ಕೊಂಡು ಕೂತ್ರೆ ನೀರು ಬರ್ತದಾ?" ಎಂದು ಅಕ್ಕ ಗೊಣಗಿದಳು. ಕಾಗದದಿಂದ ನೀರು ಬರುವುದಿಲ್ಲ, ನಿಜ. ಆದರೆ ಎಲ್ಲಿ ಕೊರೆಸಬಾರದು, ಎಷ್ಟು ಅಡಿಗೆ ನಿಲ್ಲಿಸಬೇಕು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಮೊದಲು ಹಾಕಿದ್ದು ಬೇಕಾದ ನೀರಿನ ಲೆಕ್ಕ. ಕರೆಯುವ ಸೀಮೆ ಹಸು ದಿನಕ್ಕೆ 60ರಿಂದ 100 ಲೀಟರ್ ಕುಡಿಯುತ್ತದೆ. ಐದು ಹಸು, ಕರುಗಳು, ಮೈ ತೊಳೆಯುವುದು, ಕೊಟ್ಟಿಗೆ ತೊಳೆಯುವುದು ಎಲ್ಲ ಸೇರಿದರೂ ಸಾವಿರ ಲೀಟರ್ ದಾಟದು. ನೀರು ಹೆಚ್ಚಾಗಿ ಬೇಕಾದದ್ದು ಮೇವಿಗೆ. ನೇಪಿಯರ್ ಹುಲ್ಲಿಗೆ ಬೇಸಿಗೆಯಲ್ಲಿ ಗುಂಟೆಗೆ ದಿನಕ್ಕೆ ಸುಮಾರು 500 ಲೀಟರ್ ಹಿಡಿದರೆ, 20 ಗುಂಟೆಗೆ 10,000 ಲೀಟರ್ ಆಯಿತು. ಏಳು ಗಂಟೆ ತ್ರೀಫೇಸ್ ಕರೆಂಟಿನಲ್ಲಿ ಇಷ್ಟು ಎತ್ತಲು ಗಂಟೆಗೆ ಸುಮಾರು 1,500 ಲೀಟರ್ ಸಾಕು.

ಇಲ್ಲಿ ಒಂದು ಮಾತು. ಬೋರು ಬಿದ್ದಾಗ ತ್ರಿಕೋನ ಗಂಡಿಯ ತಗಡಿನಲ್ಲಿ ಅಳೆದು "ಒಂದಿಂಚು, ಎರಡಿಂಚು" ಎನ್ನುತ್ತಾರಲ್ಲ, ಎರಡಿಂಚು ಎಂದರೆ ಒಂದಿಂಚಿನ ಎರಡರಷ್ಟಲ್ಲ. ಒಂದಿಂಚಿಗೆ ಗಂಟೆಗೆ ಸುಮಾರು 500 ಲೀಟರ್, ಒಂದೂವರೆ ಇಂಚಿಗೆ 1,400, ಎರಡಿಂಚಿಗೆ 2,900. ಅಂದರೆ ಅಕ್ಕನಿಗೆ ಬೇಕಾಗಿದ್ದದ್ದು ಒಂದೂವರೆ ಇಂಚು. ಅದಕ್ಕಾಗಿ ಪಾತಾಳಕ್ಕೆ ಹೋಗಬೇಕೇ ಎಂಬುದು ಪ್ರಶ್ನೆ.

ಆಮೇಲೆ ನಕ್ಷೆ. ನಮ್ಮ ರಾಜ್ಯದ ಭೂದಾಖಲೆ ಇಲಾಖೆಯ ಗ್ರಾಮ ನಕಾಶೆಯಲ್ಲಿ ಸರ್ವೆ ನಂಬರುಗಳ ಜೊತೆಗೆ ಹಳ್ಳ, ಕೆರೆ, ಕುಂಟೆ, ಬಂಡಿದಾರಿಗಳೂ ಇರುತ್ತವೆ. ನೆಲ ಸಮ ಮಾಡುವುದಕ್ಕಿಂತ ಎಷ್ಟೋ ಮೊದಲು ಬರೆದ ನಕಾಶೆ ಅದು. ಅಕ್ಕನ ಜಮೀನು ಪಡುವಣದ ಬಂಡೆಗುಡ್ಡದಿಂದ ಮೂಡಲಿನ ಕೆರೆಯ ಕಡೆ ಇಳಿಜಾರು. ನಕಾಶೆಯಲ್ಲಿ ಗುಡ್ಡದಿಂದ ಬಂದ ಹಳ್ಳವೊಂದು ಅವಳ ಜಮೀನಿನ ಮೂಡಲ ಮೂಲೆಯನ್ನು ದಾಟಿ ಕೆರೆ ಸೇರುತ್ತಿತ್ತು. ಈಗ ಅಲ್ಲಿ ಹಳ್ಳವೇ ಇಲ್ಲ, ರಾಗಿ ಹೊಲ! ಮಾವನವರನ್ನು ಕೇಳಿದರೆ, ಅವರ ಅಪ್ಪನ ಕಾಲದಲ್ಲಿ ಮಣ್ಣು ಹೊಡೆದು ಮಟ್ಟ ಮಾಡಿದ್ದಂತೆ. ಮೇಲಿನ ಹಳ್ಳ ಮುಚ್ಚಿದರೂ ಅದರಡಿಯ ಮೆತ್ತನೆ ಕಲ್ಲು ಎಲ್ಲಿಗೂ ಹೋಗಿರುವುದಿಲ್ಲ. ಗಟ್ಟಿ ಬಂಡೆಯ ನಾಡಿನಲ್ಲಿ ಹಳ್ಳಗಳು ಸಾಮಾನ್ಯವಾಗಿ ಬಂಡೆ ಬಿರಿದ ಜಾಡು ಹಿಡಿದೇ ಹರಿಯುತ್ತವೆ.

ಸರ್ವೆ ಆಫ್ ಇಂಡಿಯಾದ ಭೂನಕ್ಷೆಯನ್ನೂ ನೋಡಿದೆವು. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಎರಡು ಎಕರೆಯಲ್ಲಿ ಜಾಗ ಗುರುತಿಸಲು ಅದು ಆಗಿಬರುವುದಿಲ್ಲ. ಆದರೆ ಹಳ್ಳ ಒಂದು ಕಡೆ ಗೆರೆ ಎಳೆದಂತೆ ನೇರವಾಗಿ ಹೋಗಿ ಥಟ್ಟನೆ ಮೊಣಕೈಯಂತೆ ತಿರುಗಿರುವುದು ಅಲ್ಲಿ ಚೆನ್ನಾಗಿ ಕಂಡಿತು. ಹೀಗೆ ತಿರುಗುವ ಕಡೆ ನೆಲದಡಿ ಏನೋ ಅಡ್ಡ ಬಂದಿರುತ್ತದೆ.

ವಿಮಾನದಿಂದ ತೆಗೆದ ಹಳೇ ಫೋಟೊಗಳು ನಮ್ಮಂಥವರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಅದರ ಬದಲು ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆಗೆದು ಹಿಂದಿನ ವರ್ಷಗಳ ಚಿತ್ರ ನೋಡಬಹುದು. ಅಕ್ಕನ ಮಗಳು ಒಂದು ಸಂಜೆ ಕೂತು ನೋಡಿಕೊಟ್ಟಳು. ಮಾರ್ಚ್, ಏಪ್ರಿಲ್ ತಿಂಗಳ ಚಿತ್ರವನ್ನೇ ಆರಿಸಿಕೊಳ್ಳಬೇಕು, ಮಳೆಗಾಲದಲ್ಲಿ ಎಲ್ಲವೂ ಹಸಿರೇ. ಸುತ್ತ ಒಣಗಿದ ಹೊಲಗಳ ನಡುವೆ ಹೊಂಗೆ, ಈಚಲು ಮರಗಳು ನಾಲ್ಕಾರು ಜಮೀನು ದಾಟಿ ಒಂದೇ ಗೆರೆಯಲ್ಲಿ ಹಸಿರಾಗಿದ್ದವು. ಆ ಗೆರೆ ನಕಾಶೆಯ ಹಳ್ಳದ ಗೆರೆಗೆ ಹೊಂದುತ್ತಿತ್ತು. ಪಡುವಣ ದಿಕ್ಕಿನಲ್ಲೂ ದಟ್ಟ ಹಸಿರೊಂದು ಕಂಡು ನಾವು ಮೋಸ ಹೋಗುವುದಿತ್ತು. ನಡೆದು ಹೋಗಿ ನೋಡಿದರೆ ಅದು ದೂರದಿಂದ ಪೈಪಿನಲ್ಲಿ ನೀರು ತಂದ ದ್ರಾಕ್ಷಿ ತೋಟ. ನೀಲಗಿರಿ ತೋಪಿನ ಹಸಿರನ್ನೂ ನಂಬಬೇಡಿ.

ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಅಕ್ಕಪಕ್ಕದ ಬೋರುಗಳ ಲೆಕ್ಕ. ಇದು ಯಾವ ಕಚೇರಿಯಲ್ಲೂ ಪೂರ್ತಿಯಾಗಿ ಸಿಗುವುದಿಲ್ಲ, ಬೆಳಿಗ್ಗೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಸಿಗುತ್ತದೆ. ಅರ್ಧ ಕಿಲೋಮೀಟರ್ ಒಳಗಿನ ಹನ್ನೊಂದು ಬೋರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಯಾವ ವರ್ಷ, ಯಾವ ತಿಂಗಳು, ಒಟ್ಟು ಎಷ್ಟು ಅಡಿ, ಕೇಸಿಂಗ್ ಎಷ್ಟು ಅಡಿ, ಮೊದಲ ನೀರು ಎಷ್ಟು ಅಡಿಗೆ, ಈಗ ಹೇಗಿದೆ. ಬಾಯಿಮಾತಿನ ಅಡಿಗಳು ಹಿಗ್ಗುತ್ತವೆ. ಕೊರೆದವರ ಬಿಲ್ಲಿದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಮೋಟಾರ್ ಇಳಿಸುವ ಮೆಕ್ಯಾನಿಕ್ಕನ್ನು ಕೇಳಿ. ಇಪ್ಪತ್ತು ಅಡಿಯ ಪೈಪ್ ಎಷ್ಟು ಬಿಟ್ಟೆ ಎಂಬುದು ಅವನಿಗೆ ನೆನಪಿರುತ್ತದೆ. ಇಸವಿಯೂ ಮುಖ್ಯ. 2021, 2022ರ ದೊಡ್ಡ ಮಳೆಯ ಮೇಲೆ ಬಿದ್ದ ನೀರನ್ನು ಬರಗಾಲದಲ್ಲಿ ಬಿದ್ದ ನೀರಿನ ಜೊತೆ ಹೋಲಿಸುವ ಹಾಗಿಲ್ಲ.

ಜನ ಹೇಳದೆ ಬಿಡುವುದು ಫೇಲ್ ಆದ ಬೋರುಗಳನ್ನು. ನಮಗೆ ಬೇಕಾದದ್ದು ಅವೇ. ಹನ್ನೊಂದರಲ್ಲಿ ಮೂರು ನಮಗೆ ಸಿಕ್ಕಿದ್ದು ಹೊಲ ಸುತ್ತುವಾಗ, ಕಲ್ಲು ಮುಚ್ಚಿದ ಕೇಸಿಂಗ್ ಕಂಡು. (ಅದರಲ್ಲೊಂದಕ್ಕೆ ಬರೀ ಗೋಣಿಚೀಲ ಹೊದಿಸಿದ್ದರು. ಅಂದೇ ಮಾಲೀಕರಿಗೆ ಹೇಳಿ ಮುಚ್ಚಿಸಿದೆವು.)

ಹನ್ನೊಂದನ್ನೂ ಗ್ರಾಮ ನಕಾಶೆಯ ಪ್ರತಿಯ ಮೇಲೆ ಗುರುತು ಹಾಕಿದಾಗ ಅಕ್ಕ ಸುಮ್ಮನಾದಳು. ಮೇಲಿನ ಪಡುವಣ ದಿಣ್ಣೆಯಲ್ಲಿ ಐದು ಬೋರು, ಅವಳ ಹಳೆಯದೂ ಅದರಲ್ಲೇ ಒಂದು. ಎಲ್ಲಕ್ಕೂ ಕೇಸಿಂಗ್ ಇಪ್ಪತ್ತರಿಂದ ಮೂವತ್ತು ಅಡಿ. ಎರಡು ಸಾವಿರ ಅಡಿ ದಾಟಿವೆ. ಓಡುತ್ತಿರುವುದು ಒಂದೇ. ಹಳೇ ಹಳ್ಳದ ಗೆರೆಯ ಹತ್ತಿರ ನಾಲ್ಕು. ಕೇಸಿಂಗ್ ಎಪ್ಪತ್ತರಿಂದ ತೊಂಬತ್ತು ಅಡಿ, ಮೊದಲ ನೀರು 180ರಿಂದ 260 ಅಡಿಯೊಳಗೆ, ಮೂರು ಇಂದಿಗೂ ಓಡುತ್ತಿವೆ. ಅವುಗಳಲ್ಲಿ 400 ಅಡಿಯ ಕೆಳಗೆ ಯಾವುದಕ್ಕೂ ಹೊಸ ನೀರು ಸೇರಿಲ್ಲ. ಇನ್ನೆರಡು ಮೂಡಲಿನಾಚೆ, ಎರಡೂ ಒಣ.

ಕೇಸಿಂಗ್ ಇಳಿಸುವುದು ಮಣ್ಣು ಮತ್ತು ಮೆತ್ತನೆ ಕಲ್ಲು ಕುಸಿಯದಿರಲೆಂದು, ಗಟ್ಟಿ ಬಂಡೆ ಸಿಕ್ಕಿದ ಕೂಡಲೇ ನಿಲ್ಲಿಸುತ್ತಾರೆ. ಹಾಗಾಗಿ ಕೇಸಿಂಗ್ ಎಷ್ಟು ಅಡಿ ಎಂದರೆ ಮೆತ್ತನೆ ಕಲ್ಲು ಎಷ್ಟು ದಪ್ಪ ಎಂದೇ ಅರ್ಥ. ಮಳೆನೀರನ್ನು ಹೀರಿ ಇಟ್ಟುಕೊಂಡು ಕೆಳಗಿನ ಬಿರುಕುಗಳಿಗೆ ಬಿಡುವುದು ಆ ಪದರವೇ. ದಿಣ್ಣೆಯಲ್ಲಿ ಅದು ತೆಳು. ಅಲ್ಲಿ ಸಾವಿರ ಅಡಿ ಕೊರೆದರೂ ಮೇಲಿನಿಂದ ತುಂಬುವವರಿಲ್ಲ. ಅಕ್ಕನ ಹಳೇ ಬೋರು ಮೂರು ಬೇಸಿಗೆಗೆ ಸತ್ತದ್ದೂ ಹೀಗೇ ಇರಬೇಕು, ಬಿರುಕಿನಲ್ಲಿ ಕೂಡಿದ್ದ ನೀರು ಮುಗಿಯಿತು, ಹೊಸದು ಇಳಿಯಲಿಲ್ಲ.

ಹಾಗಾದರೆ ಮೂಡಲಿನ ಆ ಎರಡು ಏಕೆ ಒಣಗಿದವು? ಉತ್ತರ ಸಿಕ್ಕಿದ್ದು ಬರಿಗಾಲಿನಲ್ಲಿ ಸುತ್ತಿದ ದಿನ. ಅಕ್ಕನ ಬದುವಿನಿಂದ ಸ್ವಲ್ಪ ಆಚೆ, ಹಳ್ಳ ಮೊಣಕೈಯಂತೆ ತಿರುಗುವ ಜಾಗದಲ್ಲೇ, ಕರಿಕಲ್ಲಿನ ಗುಂಡುಗಳು ತೆಂಕಣದಿಂದ ಬಡಗಣಕ್ಕೆ ಸಾಲಾಗಿ ತಲೆ ಎತ್ತಿದ್ದವು. ಸುತ್ತಲ ಬಿಳಿ ಬಂಡೆಗೂ ಅವಕ್ಕೂ ಸಂಬಂಧವಿಲ್ಲ. ಭೂವಿಜ್ಞಾನಿಗಳು ಇದನ್ನು ಡೈಕ್ ಎನ್ನುತ್ತಾರೆ, ಬಂಡೆಯ ಸೀಳಿನಲ್ಲಿ ಕೆಳಗಿನಿಂದ ಉಕ್ಕಿ ಗಟ್ಟಿಯಾದ ಕರಿಕಲ್ಲಿನ ಗೋಡೆ. ನೆಲದೊಳಗೆ ಇಳಿಜಾರಿನಲ್ಲಿ ಬರುವ ನೀರಿಗೆ ಅದು ಕಟ್ಟೆಯಂತೆ ಅಡ್ಡ ನಿಲ್ಲಬಹುದು. ಆಗ ನೀರು ನಿಲ್ಲುವುದು ಕಟ್ಟೆಯ ಮೇಲ್ಭಾಗದಲ್ಲಿ, ಅಂದರೆ ಅಕ್ಕನ ಮೂಲೆಯ ಕಡೆ. ಕಟ್ಟೆಯಾಚೆ ಒಣಗುವುದು ಸಹಜ. ಎಲ್ಲ ಡೈಕೂ ಹೀಗಲ್ಲ, ಕೆಲವು ತಾವೇ ಬಿರಿದು ನೀರು ಬಿಡುತ್ತವೆ. ಇಲ್ಲಿ ಬೋರುಗಳ ಲೆಕ್ಕ ಮತ್ತು ಕಲ್ಲಿನ ಸಾಲು ಒಂದೇ ಮಾತು ಹೇಳಿದ್ದರಿಂದ ನಂಬಿದೆವು.

ಅದೇ ಸುತ್ತಿನಲ್ಲಿ ಬೇರೆ ಕೆಲಸವೂ ಆಯಿತು. ಪಂಚಾಯಿತಿಯ ಕುಡಿಯುವ ನೀರಿನ ಬೋರಿನ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಕೊರೆಯುವಂತಿಲ್ಲ, ಆ ದೂರ ಅಳೆದೆವು. ತಿಪ್ಪೆಯೂ ಕೊಟ್ಟಿಗೆಯ ಗಂಜಲದ ಕಾಲುವೆಯೂ ಮೂಲೆಯಿಂದ ದೂರ ಇವೆಯೇ, ಲಾರಿ ಹೋಗಲು ದಾರಿ ಇದೆಯೇ, ಮೇಲೆ ಕರೆಂಟ್ ತಂತಿ ಇದೆಯೇ ನೋಡಿದೆವು. ಕೊಟ್ಟಿಗೆ ಪಕ್ಕದ ಜಾಗವನ್ನು ಎಲ್ಲರೂ ತೋರಿಸುವುದಕ್ಕೆ ಲಾರಿ ಸಲೀಸಾಗಿ ನಿಲ್ಲುವುದೂ ಒಂದು ಕಾರಣ ಎಂದು ನನ್ನ ಗುಮಾನಿ.

ಕಡೆಗೆ ಭೂವಿಜ್ಞಾನಿಯನ್ನು ಕರೆಸಿ ಎರಡೇ ಜಾಗದಲ್ಲಿ ಕರೆಂಟ್ ಹಾಯಿಸಿ ಪರೀಕ್ಷೆ ಮಾಡಿಸಿದೆವು. ರಾಗಿ ಕೊಯ್ದಿದ್ದರಿಂದ ಉದ್ದಕ್ಕೆ ತಂತಿ ಎಳೆಯಲು ಜಾಗವಿತ್ತು. ಕೊಟ್ಟಿಗೆ ಬಳಿ ಇಪ್ಪತ್ತೈದು ಅಡಿಗೇ ಗಟ್ಟಿ ಬಂಡೆ, ಮೂಲೆಯಲ್ಲಿ ಸುಮಾರು ಎಂಬತ್ತು ಅಡಿವರೆಗೆ ಮೆತ್ತಗೆ ಎಂದರು. ನೀರು ಎಷ್ಟು ಇದೆ ಎಂದು ಆ ಯಂತ್ರವೂ ಹೇಳುವುದಿಲ್ಲ. ಬಿರುಕು ಹತ್ತು ಅಡಿ ಪಕ್ಕದಲ್ಲಿ ತಪ್ಪಿಹೋಗಬಹುದು, ಅದನ್ನು ಅವರೇ ಮೊದಲು ಹೇಳಿದರು.

ಲಾರಿ ಬರುವ ಮುಂಚೆ ಅಕ್ಕ ಒಂದು ಹಾಳೆಯಲ್ಲಿ ಬರೆದು ಏಜೆಂಟ್ ಕೈಲಿ ಸಹಿ ಹಾಕಿಸಿದಳು. ಮೂಲೆಯಲ್ಲಿ ಕೊರೆಯಬೇಕು, ನೀರು ಸಿಗಲಿ ಸಿಗದಿರಲಿ 450 ಅಡಿಗೆ ನಿಲ್ಲಿಸಬೇಕು. ಕೇಸಿಂಗ್ 82 ಅಡಿ ಇಳಿಯಿತು. 210 ಅಡಿಗೆ ಒದ್ದೆ ಪುಡಿ ಬಂತು, 340ಕ್ಕೆ ನೀರು ಹೆಚ್ಚಿತು. 450ರಲ್ಲಿ ತಗಡಿಟ್ಟು ಅಳೆದಾಗ ಒಂದೂವರೆ ಇಂಚು. "ಇನ್ನೂರು ಅಡಿ ಹೋದರೆ ಮೂರಿಂಚು ಆಗ್ತದೆ ಕಣಕ್ಕಾ" ಎಂದ ಏಜೆಂಟ್. ಅಕ್ಕ ಸೆರಗಿನಿಂದ ಹಾಳೆ ತೆಗೆದು ತೋರಿಸಿದಳು.

ಈ ಬೇಸಿಗೆಯ ಏಪ್ರಿಲ್ ಕೊನೆಗೆ ನೀರು ಇಳಿದು, ಹದಿನಾಲ್ಕು ಗುಂಟೆ ಹುಲ್ಲಿಗಷ್ಟೇ ಸಾಲಿತು. ಉಳಿದ ಆರು ಗುಂಟೆ ಒಣಗಿತು. ನೋಟ್‌ಬುಕ್ಕಿನಲ್ಲಿ ಹನ್ನೆರಡನೆಯ ಬೋರು ಎಂದು ಅದನ್ನೂ ಬರೆದಿಟ್ಟಿದ್ದಾಳೆ. ನೋಟ್‌ಬುಕ್ಕು ಈಗ ಅವರ ಡೇರಿಯಲ್ಲಿ, ಫ್ಯಾಟ್ ನೋಡುವ ಮೇಜಿನ ಮೇಲೆ ಇರುತ್ತದೆ.