ಯೋನಿದ್ವಾರದ ಗಂಟು: ಲೋಳೆಯೋ, ಕೀವೋ?

ಯೋನಿದ್ವಾರದ ಎರಡೂ ಬದಿಯಲ್ಲಿ, ತುಸು ಹಿಂಭಾಗಕ್ಕೆ, ಬಟಾಣಿ ಕಾಳಿನಷ್ಟು ಗಾತ್ರದ ಒಂದೊಂದು ಗ್ರಂಥಿ ಇರುತ್ತದೆ. ದ್ವಾರವನ್ನು ಗಡಿಯಾರದ ಮುಖವೆಂದುಕೊಂಡರೆ ನಾಲ್ಕು ಮತ್ತು ಎಂಟರ ಅಂಕಿಗಳಿರುವ ಜಾಗ ಅದು. ಇವೇ ಬಾರ್ಥೋಲಿನ್ ಗ್ರಂಥಿಗಳು. 17ನೇ ಶತಮಾನದಲ್ಲಿ ಇವುಗಳನ್ನು ವಿವರಿಸಿದ ಡೆನ್ಮಾರ್ಕಿನ ಅಂಗರಚನಾ ತಜ್ಞ ಕ್ಯಾಸ್ಪರ್ ಬಾರ್ಥೋಲಿನ್‌ನ ಹೆಸರೇ ಉಳಿದುಕೊಂಡಿದೆ. ಇವು ಸ್ರವಿಸುವ ಲೋಳೆ ಸುಮಾರು ಎರಡು ಸೆಂಟಿಮೀಟರ್ ಉದ್ದದ ಸಣ್ಣ ನಾಳದ ಮೂಲಕ ಯೋನಿದ್ವಾರಕ್ಕೆ ಬಂದು ಅಲ್ಲಿ ತೇವ ಉಳಿಸುತ್ತದೆ. ಆರೋಗ್ಯವಾಗಿರುವಾಗ ಇವು ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ.

ತೊಂದರೆ ಸಾಮಾನ್ಯವಾಗಿ ನಾಳದ ಬಾಯಿಯಲ್ಲಿ ಶುರುವಾಗುತ್ತದೆ. ಬಾಯಿ ಕಟ್ಟಿಕೊಂಡರೂ ಗ್ರಂಥಿ ಲೋಳೆ ಸ್ರವಿಸುವುದನ್ನು ನಿಲ್ಲಿಸುವುದಿಲ್ಲ. ಹೊರಬರಲು ದಾರಿಯಿಲ್ಲದ ಲೋಳೆ ಒಳಗೇ ತುಂಬಿ ನಾಳ ಹಿಗ್ಗುತ್ತದೆ. ಇದೇ ಸಿಸ್ಟ್. ಇದು ಬಹುತೇಕ ಒಂದೇ ಬದಿಯಲ್ಲಿ, ಮೃದುವಾದ ದುಂಡನೆಯ ಗಂಟಾಗಿ ನಿಧಾನಕ್ಕೆ ಬೆಳೆಯುತ್ತದೆ. ಮೇಲಿನ ಚರ್ಮದ ಬಣ್ಣ ಬದಲಾಗುವುದಿಲ್ಲ. ಚಿಕ್ಕದಿದ್ದರೆ ನೋವೂ ಇರುವುದಿಲ್ಲ. ಸ್ನಾನ ಮಾಡುವಾಗ ಕೈಗೆ ತಗುಲಿದಾಗಲೋ, ಬೇರೆ ಕಾರಣಕ್ಕೆ ವೈದ್ಯರು ಪರೀಕ್ಷಿಸಿದಾಗಲೋ ಗೊತ್ತಾಗುವುದೇ ಹೆಚ್ಚು. ದೊಡ್ಡದಾದರೆ ಕುಳಿತಾಗ ಒತ್ತಿದಂತಾಗುತ್ತದೆ, ಲೈಂಗಿಕ ಸಂಪರ್ಕದಲ್ಲಿ ಕಿರಿಕಿರಿಯಾಗುತ್ತದೆ.

ಅದೇ ಜಾಗಕ್ಕೆ ಸೋಂಕು ತಗುಲಿ ಕೀವು ತುಂಬಿದರೆ ಅದು ಆಬ್ಸೆಸ್, ಅಂದರೆ ಕೀವುಗಟ್ಟಿದ ಬಾವು. ಮೊದಲೇ ಸಿಸ್ಟ್ ಇರಬೇಕೆಂದೇನೂ ಇಲ್ಲ, ನೇರವಾಗಿಯೂ ಕೀವುಗಟ್ಟಬಹುದು. ಕರುಳಿನಲ್ಲಿ ಮಾಮೂಲಿಯಾಗಿ ವಾಸಿಸುವ ಇ. ಕೋಲಿಯಂಥ ಬ್ಯಾಕ್ಟೀರಿಯಾಗಳೇ ಹೆಚ್ಚಾಗಿ ಇದಕ್ಕೆ ಕಾರಣ. ಗೊನೋರಿಯಾ, ಕ್ಲಮೈಡಿಯಾದಂಥ ಲೈಂಗಿಕ ಸೋಂಕುಗಳಿಂದಲೂ ಬರಬಹುದು. ಆದರೆ ಬಾವು ಬಂದ ಮಾತ್ರಕ್ಕೆ ಹೆಂಡತಿಯನ್ನೋ ಗಂಡನನ್ನೋ ಅನುಮಾನಿಸುವುದು ಅನ್ಯಾಯ.

ಇವೆರಡನ್ನು ಬೇರ್ಪಡಿಸುವುದು ಮುಖ್ಯವಾಗಿ ನೋವು ಮತ್ತು ವೇಗ. ಮೂವತ್ತರ ಆಸುಪಾಸಿನ ಒಬ್ಬ ಮಹಿಳೆಗೆ ತಿಂಗಳುಗಳಿಂದ ಎಡಬದಿಯಲ್ಲಿ ನೋವಿಲ್ಲದ ಸಣ್ಣ ಗಂಟಿದೆ ಎಂದುಕೊಳ್ಳೋಣ. ಅಲ್ಲಿಯವರೆಗೆ ಅದು ಸಿಸ್ಟ್. ಒಂದು ಸೋಮವಾರ ಅದು ಚುರುಗುಟ್ಟತೊಡಗುತ್ತದೆ. ಬುಧವಾರದ ಹೊತ್ತಿಗೆ ನಿಂಬೆಹಣ್ಣಿನಷ್ಟಾಗಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿರುತ್ತದೆ. ಆಕೆ ಕಾಲು ಅಗಲಿಸಿ ನಡೆಯುತ್ತಾಳೆ, ಕುರ್ಚಿಯಲ್ಲಿ ಒಂದೇ ಪಕ್ಕಕ್ಕೆ ಒರಗಿ ಕೂರುತ್ತಾಳೆ. ಈಗ ಅದು ಬಾವು. ಜ್ವರವಿಲ್ಲವಲ್ಲ ಎಂದು ಸುಮ್ಮನಿರುವಂತಿಲ್ಲ. ಇಂಥ ಬಾವು ಬಂದ ಬಹಳಷ್ಟು ಮಂದಿಗೆ ಜ್ವರ ಇರುವುದೇ ಇಲ್ಲ.

ತೊಂದರೆ ಕೊಡದ ಚಿಕ್ಕ ಸಿಸ್ಟ್‌ಗೆ ಚಿಕಿತ್ಸೆ ಬೇಕಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಹತ್ತು ಹದಿನೈದು ನಿಮಿಷ ಬೆಚ್ಚಗಿನ ನೀರಿನ ಟಬ್‌ನಲ್ಲಿ ಕುಳಿತರೆ ಕೆಲವೊಮ್ಮೆ ತಾನೇ ಒಡೆದು ಇಳಿಯುತ್ತದೆ. ಹಿಸುಕುವುದು, ಸೂಜಿ ಚುಚ್ಚುವುದು ಬೇಡ. ಅದರಿಂದ ಸೋಂಕು ಹರಡಬಹುದು.

ಬಾವು ಪೂರ್ತಿ ಕಟ್ಟಿದ ಮೇಲೆ ಕೀವನ್ನು ಹೊರತೆಗೆಯಲೇಬೇಕು. ಬರೀ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿ ಕಾಯುವುದರಿಂದ ಸಾಮಾನ್ಯವಾಗಿ ಆಗುವುದು ಕಾಲಹರಣವೇ. ಹಾಗೆಂದು ಕೊಯ್ದು ಕೀವು ತೆಗೆದು ಕಳಿಸಿದರೂ ಸಾಲದು. ಗಾಯದ ಬಾಯಿ ಬೇಗ ಕೂಡಿಕೊಂಡು ನಾಳ ಮತ್ತೆ ಮುಚ್ಚುವುದರಿಂದ ಬಾವು ಮರುಕಳಿಸುತ್ತದೆ. ಆದ್ದರಿಂದ ವೈದ್ಯರು ಹೊಸ ಬಾಯಿಯೊಂದನ್ನು ಉಳಿಸಲು ನೋಡುತ್ತಾರೆ. ಜಾಗವನ್ನು ಮರಗಟ್ಟಿಸಿ, ಒಳಬದಿಯಲ್ಲಿ ಸಣ್ಣ ಸೀಳು ಮಾಡಿ, ತುದಿಯಲ್ಲಿ ಪುಟ್ಟ ಬಲೂನಿರುವ ವರ್ಡ್ ಕ್ಯಾತಿಟರ್ ಎಂಬ ನಳಿಕೆಯನ್ನು ಕೂರಿಸಿ, ಬಲೂನಿಗೆ ಎರಡು ಮೂರು ಮಿಲಿಲೀಟರ್ ದ್ರವ ತುಂಬುತ್ತಾರೆ. ಅದು ನಾಲ್ಕರಿಂದ ಆರು ವಾರ ಅಲ್ಲೇ ಇದ್ದರೆ ಸುತ್ತ ಪೊರೆ ಬೆಳೆದು ಶಾಶ್ವತ ದಾರಿಯಾಗುತ್ತದೆ. ನಳಿಕೆ ಸಿಗದಿದ್ದರೆ ಅಥವಾ ಬಾವು ಮತ್ತೆ ಮತ್ತೆ ಬರುತ್ತಿದ್ದರೆ, ಚೀಲದ ಅಂಚನ್ನು ಚರ್ಮಕ್ಕೆ ಹೊಲಿದು ಬಾಯಿ ತೆರೆದಿಡುವ ಮಾರ್ಸುಪಿಯಲೈಸೇಶನ್ ಎಂಬ ಶಸ್ತ್ರಚಿಕಿತ್ಸೆ ಇದೆ. ಇಡೀ ಗ್ರಂಥಿಯನ್ನೇ ತೆಗೆಯುವುದು ಅಪರೂಪ, ಅದರಲ್ಲಿ ರಕ್ತಸ್ರಾವವೂ ಹೆಚ್ಚು.

ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಜ್ವರ ಬಂದವರು, ಕೆಂಪು ಸುತ್ತಲೂ ಹರಡುತ್ತಿರುವವರು ಒಂದು ದಿನವೂ ಕಾಯಬಾರದು. ನಲವತ್ತು ದಾಟಿದ ಮೇಲೆ, ವಿಶೇಷವಾಗಿ ಮುಟ್ಟು ನಿಂತ ಮೇಲೆ, ಈ ಜಾಗದಲ್ಲಿ ಹೊಸ ಗಂಟು ಕಂಡರೆ ಲೆಕ್ಕಾಚಾರ ಬೇರೆ. ಆ ವಯಸ್ಸಿನಲ್ಲಿ ಅಪರೂಪಕ್ಕೆ ಗ್ರಂಥಿಯ ಕ್ಯಾನ್ಸರ್ ಇರಬಹುದಾದ್ದರಿಂದ, ಗಂಟು ಗಟ್ಟಿಯಾಗಿದ್ದರೆ ಅಥವಾ ಚಿಕಿತ್ಸೆಗೂ ಕರಗದಿದ್ದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.