ಶನಿವಾರ ರಾತ್ರಿ ಬಂದ ಪತ್ರಕ್ಕೆ ಮೊದಲ ಉತ್ತರ

ಧಾರವಾಡದಲ್ಲಿ ಕುಳಿತು ಊರೂರಿಗೆ ಇಳಕಲ್ ಸೀರೆ ಕಳಿಸುವ ಒಂದು ಸಣ್ಣ ಆನ್‌ಲೈನ್ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಗಿರಾಕಿಗಳ ಇಮೇಲ್ ನೋಡಿಕೊಳ್ಳುವವರು ಇಬ್ಬರೇ. ಸೋಮವಾರದಿಂದ ಶನಿವಾರದವರೆಗೆ, ಬೆಳಿಗ್ಗೆ 10ರಿಂದ ಸಂಜೆ 6ರ ತನಕ ಅವರ ಕೆಲಸ. ಶನಿವಾರ ರಾತ್ರಿ 9ಕ್ಕೆ ಮೈಸೂರಿನಿಂದ ಒಂದು ಪತ್ರ ಬರುತ್ತದೆ: ಮಗಳ ನಿಶ್ಚಿತಾರ್ಥಕ್ಕೆಂದು ತರಿಸಿದ ಸೀರೆಯ ಸೆರಗಿನಲ್ಲಿ ನೂಲು ಕಿತ್ತಿದೆ, ಏನು ಮಾಡಲಿ? ಮರುಕ್ಷಣವೇ ಅವರಿಗೆ ತಾನಾಗಿ ಒಂದು ಉತ್ತರ ಹೋಗುತ್ತದೆ. ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು! ನಿಮ್ಮ ಪ್ರತಿಕ್ರಿಯೆ ನಮಗೆ ಅತ್ಯಮೂಲ್ಯ. 24 ಗಂಟೆಯೊಳಗೆ ಉತ್ತರಿಸುತ್ತೇವೆ.’

ಆ ಮೂರು ಸಾಲಿನಲ್ಲಿ ಮೂರು ತಪ್ಪುಗಳಿವೆ. ಕಷ್ಟ ಹೇಳಿಕೊಂಡವರ ಮುಂದೆ ಮೊದಲ ಸಾಲು ಉತ್ಸಾಹದಿಂದ ಕುಣಿಯುತ್ತದೆ. ಎರಡನೆಯದು ಏನನ್ನೂ ತಿಳಿಸುವುದಿಲ್ಲ. ಮೂರನೆಯದು ಸುಳ್ಳು. ಶನಿವಾರ ರಾತ್ರಿ 9ರಿಂದ ಸೋಮವಾರ ಬೆಳಿಗ್ಗೆ 10ಕ್ಕೆ ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲೇ 37 ಗಂಟೆ ಕಳೆದಿರುತ್ತದೆ. ಅಂದರೆ ಇಬ್ಬರೂ ಎಷ್ಟೇ ಚುರುಕಾಗಿ ಕೆಲಸ ಮಾಡಿದರೂ ಈ ಮಾತು ಉಳಿಯಲು ಸಾಧ್ಯವೇ ಇರಲಿಲ್ಲ.

ಆಟೋ ರಿಪ್ಲೈ ಬರೆಯುವವರು ಮೊದಲು ನೆನಪಿಡಬೇಕಾದ ಸಂಗತಿಯೊಂದಿದೆ: ಅದು ಬಂದ ಪತ್ರವನ್ನು ಓದಿರುವುದಿಲ್ಲ. ಅದೇ ವಿಳಾಸಕ್ಕೆ ಮೆಚ್ಚುಗೆಯೂ ಬರುತ್ತದೆ, ಬೈಗುಳವೂ ಬರುತ್ತದೆ. ‘ಆರ್ಡರ್ ಮಾಡಿದ್ದ ನಮ್ಮ ತಾಯಿ ತೀರಿಕೊಂಡರು, ದಯವಿಟ್ಟು ರದ್ದು ಮಾಡಿ’ ಎಂಬ ಪತ್ರವೂ ಒಂದು ದಿನ ಬರುತ್ತದೆ. ಎಲ್ಲಕ್ಕೂ ಹೋಗುವುದು ಅದೇ ಒಂದು ಉತ್ತರ. ಹಾಗಾಗಿ ಅನುಭವಸ್ಥರು ಹೊಸ ಒಕ್ಕಣೆಯನ್ನು ಪರೀಕ್ಷಿಸುವಾಗ ಪೆಟ್ಟಿಗೆಗೆ ಬರಬಹುದಾದ ಅತಿ ನೋವಿನ ಪತ್ರದ ಕೆಳಗೆ ಅದನ್ನಿಟ್ಟು ಓದುತ್ತಾರೆ. ಅಲ್ಲಿ ನಾಲಿಗೆಗೆ ಕಹಿಯಾಗುವ ಪ್ರತಿ ಪದವೂ ಹೊರಗೆ ಹೋಗಬೇಕು. ಉದ್ಗಾರ ಚಿಹ್ನೆ, ನಗುಮುಖದ ಎಮೋಜಿ, ಅಡಿಯಲ್ಲಿ ಹೊಸ ರಿಯಾಯಿತಿಯ ಜಾಹೀರಾತು, ಇವೆಲ್ಲ ಮೊದಲ ಸುತ್ತಿನಲ್ಲೇ ಉದುರುತ್ತವೆ. ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂಬುದೂ ನಿಲ್ಲುವುದಿಲ್ಲ. ತೊಂದರೆ ಏನೆಂದು ಗೊತ್ತಿಲ್ಲದೆ ಕೇಳಿದ ಕ್ಷಮೆಯನ್ನು ಯಾರೂ ನಂಬುವುದಿಲ್ಲ. ಕ್ಷಮೆ ಕೇಳಬೇಕಾದವರು ಪತ್ರ ಓದಿದ ಮನುಷ್ಯರು.

ಹಾಗಾದರೆ ಕಾಳಜಿ ಎಲ್ಲಿ ಕಾಣಬೇಕು? ಕಾಯುವ ಹೊತ್ತಿನ ಬಗ್ಗೆ ಹೇಳುವ ಮಾತಿನಲ್ಲಿ. ಸೇವಾ ಕ್ಷೇತ್ರವನ್ನು ಅಧ್ಯಯನ ಮಾಡಿದ ಡೇವಿಡ್ ಮೈಸ್ಟರ್ 1985ರಲ್ಲಿ ಕಾಯುವವರ ಮನಸ್ಸಿನ ಬಗ್ಗೆ ಒಂದು ಪ್ರಬಂಧ ಬರೆದರು. ಎಷ್ಟು ಹೊತ್ತೆಂದು ಗೊತ್ತಿರುವ ಕಾಯುವಿಕೆಗಿಂತ ಗೊತ್ತಿಲ್ಲದ್ದು ಉದ್ದ ಅನ್ನಿಸುತ್ತದೆ, ಕಾರಣ ಹೇಳದ ಕಾಯುವಿಕೆ ಇನ್ನೂ ಉದ್ದ ಅನ್ನಿಸುತ್ತದೆ ಎಂಬುದು ಅದರಲ್ಲಿನ ಮುಖ್ಯ ಮಾತುಗಳಲ್ಲಿ ಸೇರಿದೆ. ಮೈಸೂರಿನ ಆ ತಾಯಿಗೆ ‘ಶೀಘ್ರದಲ್ಲೇ’ ಎಂದರೆ ಭಾನುವಾರವಿಡೀ ಫೋನ್ ತೆಗೆದು ನೋಡುತ್ತಿರಬೇಕು. ‘ಸೋಮವಾರ ಸಂಜೆ 6ರೊಳಗೆ’ ಎಂದರೆ ಭಾನುವಾರ ಬೇರೆ ಕೆಲಸ ನೋಡಿಕೊಳ್ಳಬಹುದು.

ಆ ಹೊತ್ತನ್ನು ಊಹಿಸಿ ಬರೆಯಬಾರದು, ಲೆಕ್ಕ ಹಾಕಿ ಬರೆಯಬೇಕು. ಲೆಕ್ಕ ಸುಲಭ. ಅಂಗಡಿಯವರು ಹಿಂದಿನ 20 ಪತ್ರಗಳನ್ನು ತೆಗೆದು, ಪ್ರತಿಯೊಂದಕ್ಕೂ ಮನುಷ್ಯರು ಬರೆದ ಮೊದಲ ಉತ್ತರ ಯಾವಾಗ ಹೋಯಿತೆಂದು ನೋಡುತ್ತಾರೆ. 12ಕ್ಕೆ ಅದೇ ದಿನ ಹೋಗಿದೆ, 6ಕ್ಕೆ ಮರುದಿನ, ಉಳಿದ 2ಕ್ಕೆ ಮೂರನೆಯ ದಿನ ಎಂದುಕೊಳ್ಳೋಣ. ಹೆಚ್ಚಿನವರಿಗೆ ಅದೇ ದಿನ ಉತ್ತರ ಸಿಕ್ಕಿದೆಯಲ್ಲ, ‘ಇಂದೇ ಉತ್ತರಿಸುತ್ತೇವೆ’ ಎಂದು ಹಾಕಿಬಿಡೋಣ ಅನ್ನಿಸುವುದು ಸಹಜ. ಆದರೆ ಹಾಗೆ ಹಾಕಿದರೆ 20ರಲ್ಲಿ 8 ಮಂದಿಗೆ ಮಾತು ತಪ್ಪಿದಂತೆ. ‘ಮರುದಿನ ಸಂಜೆಯೊಳಗೆ’ ಎಂದರೆ ತಪ್ಪುವುದು ಇಬ್ಬರಿಗೆ ಮಾತ್ರ. ಹತ್ತರಲ್ಲಿ ಒಂಬತ್ತು ಸಲ ಉಳಿಸಿಕೊಳ್ಳಬಲ್ಲ ಗಡುವನ್ನೇ ಹೇಳುವುದು ಈ ಕೆಲಸದಲ್ಲಿ ಒಳ್ಳೆಯ ಅಳತೆ. ಅದೇ ದಿನ ಉತ್ತರ ಸಿಕ್ಕವರು ಬೇಗ ಬಂತೆಂದು ಖುಷಿಪಡುತ್ತಾರೆ, ಅದಕ್ಕೇನೂ ಅಡ್ಡಿಯಿಲ್ಲ.

ಮಾತು ತಪ್ಪುವ ಆ ಇಬ್ಬರನ್ನು ಕೈಬಿಡುವಂತಿಲ್ಲ. ಇಂಥ ಪತ್ರಗಳು ತಡವಾಗುವುದು ಸಾಮಾನ್ಯವಾಗಿ ಕೊರಿಯರ್‌ನವರನ್ನೋ ನೇಕಾರರನ್ನೋ ಕೇಳಬೇಕಾಗಿ ಬಂದಾಗ. ಅದಕ್ಕಾಗಿಯೇ ಒಕ್ಕಣೆಯಲ್ಲಿ ‘ಪರಿಹರಿಸುತ್ತೇವೆ’ ಎನ್ನದೆ ‘ಓದಿ ಉತ್ತರ ಬರೆಯುತ್ತೇವೆ’ ಎನ್ನಬೇಕು. ಉತ್ತರಕ್ಕೊಂದು ಗಡುವು, ಪರಿಹಾರಕ್ಕೆ ಬೇರೆಯದೇ ಗಡುವು. ಕಾನೂನು ಕೂಡ ಇವೆರಡನ್ನು ಬೇರೆಬೇರೆಯಾಗಿಯೇ ಇಟ್ಟಿದೆ. ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳು, 2020ರ ಪ್ರಕಾರ ದೂರು ತಲುಪಿದೆ ಎಂದು ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಸೋಮವಾರ ಸಂಜೆ 5ಕ್ಕೂ ಕೊರಿಯರ್‌ನವರಿಂದ ಸುದ್ದಿಯಿಲ್ಲವೆಂದರೆ, ‘ಕೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ, ಬುಧವಾರ ಮಧ್ಯಾಹ್ನ ಮತ್ತೆ ಬರೆಯುತ್ತೇನೆ’ ಎಂದು ಒಬ್ಬರು ಕೈಯಾರೆ ಎರಡು ಸಾಲು ಬರೆದರೂ ಕೊಟ್ಟ ಮಾತು ಉಳಿಯುತ್ತದೆ.

ಇಷ್ಟನ್ನೂ ಸೇರಿಸಿದರೆ ಧಾರವಾಡದ ಅಂಗಡಿಯ ಒಕ್ಕಣೆ ಹೀಗಾಗಬಹುದು. ವಿಷಯದ ಸಾಲು: ‘ನಿಮ್ಮ ಪತ್ರ ತಲುಪಿದೆ. ಸಂಖ್ಯೆ 2417’. ಒಳಗೆ:

‘ನಮಸ್ಕಾರ. ನಿಮ್ಮ ಪತ್ರ ನಮಗೆ ತಲುಪಿದೆ. ಇದು ತಾನಾಗಿ ಹೋಗುವ ಉತ್ತರ. ಪತ್ರವನ್ನು ನಮ್ಮಲ್ಲಿ ಇನ್ನೂ ಯಾರೂ ಓದಿಲ್ಲ.

ಸೋಮವಾರದಿಂದ ಶುಕ್ರವಾರದೊಳಗೆ ಬಂದ ಪತ್ರಕ್ಕೆ ಮರುದಿನ ಸಂಜೆ 6ರೊಳಗೆ, ಶನಿವಾರ ಅಥವಾ ಭಾನುವಾರ ಬಂದ ಪತ್ರಕ್ಕೆ ಸೋಮವಾರ ಸಂಜೆ 6ರೊಳಗೆ ನಮ್ಮಲ್ಲೊಬ್ಬರು ಓದಿ ಉತ್ತರ ಬರೆಯುತ್ತಾರೆ.

ಸೀರೆ ಹಾಳಾಗಿದ್ದರೆ ಅಥವಾ ಬೇರೆಯದು ಬಂದಿದ್ದರೆ, ಅದರ ಫೋಟೋ ಮತ್ತು ಆರ್ಡರ್ ಸಂಖ್ಯೆಯನ್ನು ಈ ಮೇಲ್‌ಗೇ ಉತ್ತರವಾಗಿ ಕಳಿಸಿ. ಅಲ್ಲಿಯವರೆಗೆ ಸೀರೆಯನ್ನು ನೀರಿಗೆ ಹಾಕಬೇಡಿ, ಬಂದ ಪೊಟ್ಟಣವನ್ನು ಎಸೆಯಬೇಡಿ.

ಮೂರು ದಿನದೊಳಗೆ ಸಮಾರಂಭವಿದ್ದರೆ ಕೆಳಗಿನ ನಂಬರಿಗೆ ಫೋನ್ ಮಾಡಿ. ಭಾನುವಾರವೂ ಬೆಳಿಗ್ಗೆ 10ರಿಂದ 12ರವರೆಗೆ ಒಬ್ಬರು ಇರುತ್ತಾರೆ.’

‘24 ಗಂಟೆ’ಯ ಬದಲು ವಾರದ ಹೆಸರು ಬಂದಿರುವುದನ್ನು ಗಮನಿಸಬೇಕು. ಓದುವವರು ಲೆಕ್ಕ ಹಾಕಬೇಕಿಲ್ಲ, ‘ಕೆಲಸದ ದಿನ’ ಎಂದರೆ ಶನಿವಾರ ಸೇರಿತೋ ಇಲ್ಲವೋ ಎಂದು ಕೇಳಬೇಕಾಗಿಯೂ ಇಲ್ಲ. ‘ಯಾರೂ ಓದಿಲ್ಲ’ ಎಂಬ ಸಾಲು ಒರಟೆಂದು ಕೆಲವರಿಗೆ ತೋರಬಹುದು. ಆದರೆ ಇಲ್ಲದ ಒಬ್ಬ ‘ಪ್ರಿಯಾ’ಳ ಹೆಸರಿನಲ್ಲಿ ಅರೆಕ್ಷಣದಲ್ಲಿ ಉತ್ತರ ಬಂದರೆ, ಸೋಮವಾರ ನಿಜವಾದ ಮನುಷ್ಯರು ಬರೆದದ್ದನ್ನೂ ಗಿರಾಕಿ ಯಂತ್ರದ್ದೆಂದೇ ತಿಳಿಯುತ್ತಾರೆ. ಇನ್ನು ಫೋಟೋ ಕೇಳುವ ಸಾಲು ಒಂದು ಸುತ್ತಿನ ಪತ್ರವ್ಯವಹಾರವನ್ನೇ ಉಳಿಸುತ್ತದೆ. ಸೋಮವಾರ ಬೆಳಿಗ್ಗೆ ಪತ್ರ ತೆರೆದವರ ಎದುರು ಫೋಟೋ ಸಿದ್ಧವಿದ್ದರೆ ಮೊದಲ ಉತ್ತರದಲ್ಲೇ ‘ಬದಲಿ ಸೀರೆ ಇವತ್ತೇ ಹೊರಡುತ್ತದೆ’ ಎನ್ನಬಹುದು. ತುರ್ತಿನ ಸಾಲನ್ನು ಮಾತ್ರ ಭಾನುವಾರ ಫೋನ್ ಎತ್ತಲು ನಿಜವಾಗಿ ಒಬ್ಬರಿದ್ದರಷ್ಟೇ ಹಾಕಬೇಕು.

ಒಕ್ಕಣೆ ಎಷ್ಟು ಚೆನ್ನಾಗಿದ್ದರೂ ಅದನ್ನು ಕಳಿಸುವ ವ್ಯವಸ್ಥೆ ಕೆಟ್ಟರೆ ಕೆಲಸ ಕೆಡುತ್ತದೆ. ಹಳೆಯ ತೊಂದರೆಯೆಂದರೆ ಸುತ್ತು. ಅಂಗಡಿಯ ಆಟೋ ರಿಪ್ಲೈ ರಜೆಯಲ್ಲಿರುವ ಒಬ್ಬರ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿಂದ ‘ರಜೆಯಲ್ಲಿದ್ದೇನೆ’ ಎಂಬ ಉತ್ತರ ತಾನಾಗಿ ಬರುತ್ತದೆ. ಅದನ್ನು ಹೊಸ ಪತ್ರವೆಂದುಕೊಂಡು ಅಂಗಡಿ ಮತ್ತೆ ಉತ್ತರಿಸುತ್ತದೆ. ತಡೆಯುವವರಿಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಎರಡೂ ಪೆಟ್ಟಿಗೆಗಳು ತುಂಬಿರುತ್ತವೆ. 2004ರ ಆಗಸ್ಟ್‌ನಲ್ಲಿ ಬಂದ RFC 3834 ಎಂಬ ಇಂಟರ್‌ನೆಟ್ ಶಿಫಾರಸು ಇದಕ್ಕೆ ದಾರಿ ಹೇಳಿದೆ. ತಾನಾಗಿ ಹೋಗುವ ಪ್ರತಿ ಉತ್ತರದ ತಲೆಭಾಗದಲ್ಲಿ, ಓದುವವರ ಕಣ್ಣಿಗೆ ಬೀಳದಂತೆ, ಈ ಸಾಲು ಇರಬೇಕು:

```
Auto-Submitted: auto-replied
```

ಈ ಗುರುತು ಹೊತ್ತು ಬಂದ ಪತ್ರಕ್ಕೆ ಯಂತ್ರ ಮತ್ತೆ ಉತ್ತರಿಸಬಾರದು. ಗಿರಾಕಿ ಸೇವೆಯ ಸಾಫ್ಟ್‌ವೇರ್ ಕೊಳ್ಳುವವರು ಅದು ಈ ಗುರುತನ್ನು ಹಾಕುತ್ತದೆಯೇ, ಬಂದಾಗ ಗೌರವಿಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಜಿಮೇಲ್‌ನ ರಜೆ ಉತ್ತರವನ್ನೇ ಬಳಸಿಕೊಂಡು ಸಣ್ಣ ಅಂಗಡಿಗಳು ಕೆಲಸ ಸಾಗಿಸುವುದುಂಟು. ಅದರ ಮಿತಿಯನ್ನು ತಿಳಿದಿರಬೇಕು. ಒಬ್ಬರಿಗೆ ಒಮ್ಮೆ ಉತ್ತರ ಹೋದರೆ, ಮುಂದಿನ ನಾಲ್ಕು ದಿನ ಅವರು ಮತ್ತೆ ಬರೆದರೂ ಅದು ಸುಮ್ಮನಿರುತ್ತದೆ. ಸುತ್ತು ತಪ್ಪಿಸಲು ಇದು ಸರಿ. ಆದರೆ ಗಿರಾಕಿ ಮಂಗಳವಾರ ಬೇರೊಂದು ಆರ್ಡರ್ ಬಗ್ಗೆ ಬರೆದರೆ ಆ ಪತ್ರಕ್ಕೆ ಸ್ವೀಕೃತಿಯೇ ಹೋಗುವುದಿಲ್ಲ. ಪತ್ರಕ್ಕೊಂದು ಸಂಖ್ಯೆ ಕೊಡುವ ಅನುಕೂಲವೂ ಅದರಲ್ಲಿಲ್ಲ. ದಿನಕ್ಕೆ ಐದಾರು ಪತ್ರ ಬರುವ ತನಕ ಇದು ನಡೆದೀತು, ಆಮೇಲೆ ಟಿಕೆಟ್ ವ್ಯವಸ್ಥೆ ಬೇಕಾಗುತ್ತದೆ. ಅಲ್ಲಿ ಎಚ್ಚರ ವಹಿಸಬೇಕಾದದ್ದು ಇನ್ನೊಂದು: ಸ್ವೀಕೃತಿ ಹೊಸ ಪತ್ರಕ್ಕೆ ಮಾತ್ರ ಹೋಗಬೇಕು. ಗಿರಾಕಿ ಫೋಟೋ ಕಳಿಸಿದಾಗಲೂ, ‘ಆಯಿತು, ಧನ್ಯವಾದ’ ಎಂದು ಬರೆದಾಗಲೂ ಅದೇ ಒಕ್ಕಣೆ ಮರಳಿ ಬರುತ್ತಿದ್ದರೆ ಎಂಥ ಮೃದುವಾದ ಮಾತೂ ಕಿರಿಕಿರಿಯಾಗುತ್ತದೆ. ಉತ್ತರಿಸಲಾಗದ ‘ನೋ ರಿಪ್ಲೈ’ ವಿಳಾಸದಿಂದ ಇದನ್ನು ಕಳಿಸಿದರಂತೂ ಫೋಟೋ ಕಳಿಸಿ ಎಂದು ಕೇಳಿದ ಸಾಲಿಗೇ ಅರ್ಥ ಉಳಿಯುವುದಿಲ್ಲ.

ಒಕ್ಕಣೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ಎರಡು ಎಣಿಕೆ ಸಾಕು. ಹೇಳಿದ ಗಡುವಿನೊಳಗೆ ಎಷ್ಟು ಪತ್ರಕ್ಕೆ ಉತ್ತರ ಹೋಯಿತು? ಗಡುವಿಗೆ ಮುಂಚೆಯೇ ‘ನನ್ನ ಮೇಲ್ ಸಿಕ್ಕಿತೇ?’ ಎಂದು ಎಷ್ಟು ಮಂದಿ ಮತ್ತೆ ಬರೆದರು? ಎರಡನೆಯ ಸಂಖ್ಯೆ ಏರುತ್ತಿದ್ದರೆ ಗಡುವು ಅವರಿಗೆ ಕಾಣುತ್ತಿಲ್ಲ, ಇಲ್ಲವೇ ಒಕ್ಕಣೆ ಸ್ಪ್ಯಾಮ್‌ಗೆ ಬೀಳುತ್ತಿದೆ. ಶನಿವಾರ ರಾತ್ರಿ ಬೇರೊಂದು ಖಾತೆಯಿಂದ ತಮ್ಮದೇ ಪೆಟ್ಟಿಗೆಗೆ ಪತ್ರ ಬರೆದು ನೋಡಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಹಬ್ಬದ ವಾರಕ್ಕೆ ಬೇರೆಯದೇ ಒಕ್ಕಣೆ ಬೇಕು. ದೀಪಾವಳಿಗೆ ಅಂಗಡಿ ಮೂರು ದಿನ ಮುಚ್ಚುವುದಾದರೆ ‘ಮರುದಿನ ಸಂಜೆ’ ಎಂಬ ಮಾತು ಆ ಮೂರೂ ದಿನ ಸುಳ್ಳಾಗುತ್ತದೆ. ಅಂಗಡಿಯ ಇಬ್ಬರೂ ವರ್ಷದ ಆರಂಭದಲ್ಲೇ ರಜೆಗಳ ಪಟ್ಟಿ ಮಾಡಿ, ಪ್ರತಿ ರಜೆಯ ಹಿಂದಿನ ಸಂಜೆ ಒಕ್ಕಣೆ ಬದಲಿಸುವ ಹೊಣೆ ಯಾರದು, ಅಂಗಡಿ ತೆರೆದ ಬೆಳಿಗ್ಗೆ ಹಳೆಯದನ್ನು ಮರಳಿ ಹಾಕುವ ಹೊಣೆ ಯಾರದು ಎಂದು ಹೆಸರು ಸಮೇತ ಬರೆದಿಟ್ಟುಕೊಳ್ಳುತ್ತಾರೆ. ಬಾಗಿಲು ತೆರೆಯುವ ಮೊದಲ ದಿನ ಪತ್ರಗಳ ರಾಶಿಯೇ ಇರುತ್ತದೆಂದು ಗೊತ್ತಿರುವುದರಿಂದ, ಹಬ್ಬದ ಒಕ್ಕಣೆಯಲ್ಲಿ ಅಂಗಡಿ ತೆರೆದ ಎರಡನೆಯ ದಿನದ ಸಂಜೆಯನ್ನು ಗಡುವಾಗಿ ಹಾಕುತ್ತಾರೆ.